ಹಿಮೋಗ್ಲೋಬಿನ್ ಕಡಿಮೆ, ಬಿಳಿ ಕಣ ಹೆಚ್ಚು: ಸಿಬಿಸಿ ವರದಿಯನ್ನು ಸಾಲು ಹಿಡಿದು ಓದುವ ಬಗೆ

ಮಳೆಗಾಲ ಮುಗಿದು ಕಾಫಿ ಕೊಯ್ಲಿಗೆ ಇನ್ನೂ ಕೆಲವು ವಾರ ಇರುವಾಗ, ಸಕಲೇಶಪುರದ ನಮ್ಮ ಪ್ರಯೋಗಾಲಯಕ್ಕೆ ತೋಟದ ಕೆಲಸ ಮಾಡುವ 34 ವರ್ಷದ ಹೆಂಗಸೊಬ್ಬರು ಬಂದರು. ಕೈಯಲ್ಲಿದ್ದ ಚೀಲದಲ್ಲಿ ಬೇರೆಲ್ಲೋ ಮಾಡಿಸಿದ್ದ ಎರಡು ಸಿಬಿಸಿ, ಅಂದರೆ ರಕ್ತಕಣಗಳ ಪೂರ್ಣ ಎಣಿಕೆಯ ವರದಿಗಳಿದ್ದವು, ಜೊತೆಗೆ ಖಾಲಿಯಾದ ಮಾತ್ರೆ ಪಟ್ಟಿಗಳು. "ಬಿಳಿ ರಕ್ತಕಣ ಜಾಸ್ತಿ ಇದೆ, ಎಲ್ಲೋ ಸೋಂಕು ಇರಬೇಕು ಎಂದರು ಅಣ್ಣಾ. ಎರಡು ಸಲ ಆಂಟಿಬಯೋಟಿಕ್ ನುಂಗಿದೆ. ರಕ್ತ ಕಡಿಮೆ ಇದೆ ಎಂದು ಟಾನಿಕ್ ಕೂಡ ಕುಡಿದೆ. ಏರು ಹತ್ತಿದರೆ ಉಸಿರು ಕಟ್ಟುವುದು ಮಾತ್ರ ನಿಂತಿಲ್ಲ" ಎಂದರು.

ಎರಡೂ ವರದಿಗಳಲ್ಲಿ ಎರಡೇ ಸಾಲುಗಳಿಗೆ ಪೆನ್ನಿನಿಂದ ಸುತ್ತು ಹಾಕಲಾಗಿತ್ತು: ಹಿಮೋಗ್ಲೋಬಿನ್ ಮತ್ತು ಒಟ್ಟು ಬಿಳಿ ಕಣಗಳ ಎಣಿಕೆ. ಉಳಿದ ಸಾಲುಗಳನ್ನು ಯಾರೂ ಓದಿದಂತೆ ಕಾಣಲಿಲ್ಲ. ಉತ್ತರ ಇದ್ದದ್ದು ಆ ಉಳಿದ ಸಾಲುಗಳಲ್ಲೇ. ನಾನು ವೈದ್ಯನಲ್ಲ, ಸೂಕ್ಷ್ಮದರ್ಶಕದ ಮುಂದೆ ಕೂತು ವರ್ಷಗಳನ್ನು ಕಳೆದ ತಂತ್ರಜ್ಞ. ಆದ್ದರಿಂದ ಔಷಧ ಬರೆಯುವ ಮಾತು ಇಲ್ಲಿಲ್ಲ. ವರದಿ ಏನು ಹೇಳುತ್ತದೆ, ಎಲ್ಲಿಗೆ ಬಂದು ಅದರ ಮಾತು ನಿಲ್ಲುತ್ತದೆ ಎಂಬುದನ್ನು ಈ ಒಂದು ವರದಿಯ ಮೂಲಕವೇ ತೋರಿಸುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ನಮ್ಮಲ್ಲಿ ಹೊಸದಾಗಿ ರಕ್ತ ತೆಗೆದು ನೋಡಿದಾಗ ಬಂದ ಅಂಕಿಗಳು ಇವು. ಮುಂದೆ ಓದುವಾಗ ಇವು ಕಣ್ಣೆದುರಿಗಿರಲಿ.

- ಹಿಮೋಗ್ಲೋಬಿನ್: 7.8
- ಕೆಂಪು ಕಣಗಳ ಎಣಿಕೆ, ಅಂದರೆ ಆರ್‌ಬಿಸಿ: 3.9 ದಶಲಕ್ಷ
- ಎಚ್‌ಸಿಟಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು: ಶೇ 26
- ಎಂಸಿವಿ: 66.7
- ಆರ್‌ಡಿಡಬ್ಲ್ಯು: 19.5
- ಒಟ್ಟು ಬಿಳಿ ಕಣಗಳು: 13,200
- ನ್ಯೂಟ್ರೋಫಿಲ್ ಶೇ 52, ಲಿಂಫೋಸೈಟ್ ಶೇ 24, ಇಯೋಸಿನೋಫಿಲ್ ಶೇ 20, ಮೋನೋಸೈಟ್ ಶೇ 4
- ಪ್ಲೇಟ್‌ಲೆಟ್: 4.8 ಲಕ್ಷ

ಹೆಜ್ಜೆ 1: ಅಂಕಿಗಳಿಗೆ ಮೊದಲು ತಲೆಬರಹ

ಹೆಸರು, ವಯಸ್ಸು, ಲಿಂಗ, ರಕ್ತ ತೆಗೆದ ದಿನಾಂಕ ಸರಿಯಾಗಿವೆಯೇ ನೋಡಿ. ಇದು ಬರೀ ಶಿಷ್ಟಾಚಾರವಲ್ಲ. ಹೆಂಗಸಿನ ವರದಿಯಲ್ಲಿ ತಪ್ಪಿ ಗಂಡಸು ಎಂದು ಬಿದ್ದಿದ್ದರೆ ಪಕ್ಕದಲ್ಲಿ ಅಚ್ಚಾಗುವ ಸಾಮಾನ್ಯ ಮಿತಿಯೂ ಗಂಡಸರದ್ದೇ ಆಗಿರುತ್ತದೆ, ಆಗ ಸರಿಯಾಗಿರುವ ಹಿಮೋಗ್ಲೋಬಿನ್ ಕೂಡ ಕಡಿಮೆ ಎಂದು ದಪ್ಪ ಅಕ್ಷರದಲ್ಲಿ ಬರುತ್ತದೆ. ಸಿಬಿಸಿಗೆ ಖಾಲಿ ಹೊಟ್ಟೆ ಬೇಕಿಲ್ಲ. ನೇರಳೆ ಮುಚ್ಚಳದ ಕೊಳವೆಗೆ ರಕ್ತ ತೆಗೆದು, ಒಳಗಿನ ಹೆಪ್ಪುರೋಧಕದೊಂದಿಗೆ ಮೆಲ್ಲಗೆ ಬೆರೆಸಿದರೆ ಸಾಕು. ಡ್ರಿಪ್ ಹಾಕಿರುವ ಕೈಯಿಂದಲೇ ರಕ್ತ ತೆಗೆದಿದ್ದರೆ ಮಾತ್ರ ವರದಿಯನ್ನು ಪಕ್ಕಕ್ಕಿಡಿ. ಸಲೈನ್ ಬೆರೆತು ಎಲ್ಲ ಅಂಕಿಗಳೂ ತೆಳ್ಳಗಾಗಿರುತ್ತವೆ.

ಇನ್ನೊಂದು ಗೊಂದಲ ಅಳತೆಯದು. ಕೆಲವು ಯಂತ್ರಗಳು 13,200 ಎಂದು ಅಚ್ಚು ಹಾಕುತ್ತವೆ, ಕೆಲವು 13.2 ಎಂದು ಹಾಕಿ ಪಕ್ಕದಲ್ಲಿ ಹತ್ತರ ಘಾತ ಮೂರು ಎಂದು ಬರೆಯುತ್ತವೆ. ಎರಡೂ ಒಂದೇ. "ನನ್ನ ಬಿಳಿ ಕಣ ಬರೀ ಹದಿಮೂರು ಉಳಿದಿದೆಯಂತೆ" ಎಂದು ಬೇಲೂರಿನಿಂದ ಗಾಬರಿಯಾಗಿ ಬಂದವರನ್ನು ನಾನೇ ಕೂರಿಸಿ ನೀರು ಕೊಟ್ಟಿದ್ದೇನೆ.

ಹೆಜ್ಜೆ 2: ಹಿಮೋಗ್ಲೋಬಿನ್ ಎಷ್ಟು ಕಡಿಮೆ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಗರ್ಭಿಣಿಯಲ್ಲದ ವಯಸ್ಕ ಹೆಂಗಸಿಗೆ 12, ಗಂಡಸಿಗೆ 13 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್ ರಕ್ತದಲ್ಲಿ ಇದ್ದರೆ ರಕ್ತಹೀನತೆ. ಗರ್ಭಿಣಿಯ ರಕ್ತದಲ್ಲಿ ನೀರಿನಂಶ ಸಹಜವಾಗಿಯೇ ಹೆಚ್ಚುವುದರಿಂದ ಮೊದಲ ಮತ್ತು ಕೊನೆಯ ಮೂರು ತಿಂಗಳುಗಳಲ್ಲಿ ಗೆರೆ 11ಕ್ಕೆ ಇಳಿಯುತ್ತದೆ. ಗರ್ಭಿಣಿಯಲ್ಲದ ಹೆಂಗಸಿಗೆ 8ಕ್ಕಿಂತ ಕೆಳಗೆ ಹೋದರೆ ಅದು ತೀವ್ರ ರಕ್ತಹೀನತೆ. ನಮ್ಮ ವರದಿಯ 7.8 ಆ ಗುಂಪಿಗೆ ಸೇರುತ್ತದೆ.

ಆದರೂ ಅವರು ತೋಟದಲ್ಲಿ ದಿನವಿಡೀ ಕೆಲಸ ಮಾಡುತ್ತಿದ್ದರು. ಇದೇ ಒಂದು ಸುಳಿವು. ಒಮ್ಮೆಲೇ ರಕ್ತ ಹೋಗಿ 7.8ಕ್ಕೆ ಇಳಿದಿದ್ದರೆ ಅವರು ನಿಲ್ಲಲೂ ಕಷ್ಟಪಡುತ್ತಿದ್ದರು. ತಿಂಗಳುಗಟ್ಟಲೆ ನಿಧಾನವಾಗಿ ಇಳಿದಾಗ ದೇಹ ಒಗ್ಗಿಕೊಳ್ಳುತ್ತದೆ, ಹೃದಯ ಬೇಗ ಬೇಗ ಬಡಿದು ಕೊರತೆಯನ್ನು ತುಂಬುತ್ತದೆ. ಏರು ಹತ್ತುವಾಗ ಮಾತ್ರ ಬಂಡವಾಳ ಬಯಲಾಗುತ್ತದೆ.

ಹಿಮೋಗ್ಲೋಬಿನ್ ಒಂದು ಸಲ 11.4, ಮುಂದಿನ ವಾರ 11.1 ಬಂದರೆ "ಮತ್ತೆ ಇಳಿಯಿತು" ಎಂದು ಕಂಗಾಲಾಗಬೇಡಿ. ನೀರು ಕುಡಿದದ್ದು, ರಕ್ತ ತೆಗೆದ ಸಮಯ, ಯಂತ್ರ ಬೇರೆಯಾದದ್ದು ಇವೆಲ್ಲ ಸೇರಿ ಅಷ್ಟು ವ್ಯತ್ಯಾಸ ತರಬಲ್ಲವು. ವಾಂತಿಭೇದಿಯಾಗಿ ದೇಹ ಒಣಗಿದಾಗ ಇದಕ್ಕೆ ತಿರುಗುಮುರುಗಾಗಿ, ನಿಜವಾದ ರಕ್ತಹೀನತೆ ಅಡಗಿ ಕೂರುವುದೂ ಉಂಟು.

ಹೆಜ್ಜೆ 3: ಕೆಂಪು ಕಣದ ಗಾತ್ರ ಕೇಳಿ

ಹಿಮೋಗ್ಲೋಬಿನ್ ಕೆಳಗಿರುವ ಸಾಲುಗಳಲ್ಲಿ ನಾನು ಮೊದಲು ನೋಡುವುದು ಎಂಸಿವಿ. ಇದು ಕೆಂಪು ಕಣದ ಸರಾಸರಿ ಗಾತ್ರ. ಸಾಮಾನ್ಯವಾಗಿ 80ರಿಂದ 100ರ ಒಳಗಿರುತ್ತದೆ. ಹಿಮೋಗ್ಲೋಬಿನ್ ಕಡಿಮೆ ಎಂಬುದು ಒಂದು ದೂರು ಮಾತ್ರ, ಎಂಸಿವಿ ಆ ದೂರಿನ ಕಾರಣದ ಕಡೆಗೆ ಬೆರಳು ತೋರಿಸುತ್ತದೆ. ಕಣ ಚಿಕ್ಕದಾಗಿದ್ದರೆ ಮೊದಲ ಸಂದೇಹ ಕಬ್ಬಿಣದ ಕೊರತೆಯ ಮೇಲೆ. ದೊಡ್ಡದಾಗಿದ್ದರೆ ವಿಟಮಿನ್ ಬಿ12 ಅಥವಾ ಫೋಲಿಕ್ ಆಮ್ಲದ ಕೊರತೆ, ಮದ್ಯಪಾನ, ಥೈರಾಯ್ಡ್, ಯಕೃತ್ತಿನ ತೊಂದರೆ. ಗಾತ್ರ ಸರಿಯಿದ್ದೂ ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಮೂತ್ರಪಿಂಡದ ಕಾಯಿಲೆ, ದೀರ್ಘಕಾಲದ ಉರಿಯೂತ, ಅಥವಾ ಆಗಷ್ಟೇ ಆದ ರಕ್ತಸ್ರಾವ.

ನಮ್ಮ ವರದಿಯಲ್ಲಿ ಎಂಸಿವಿ 66.7, ಅಂದರೆ ಬಹಳ ಚಿಕ್ಕ ಕಣಗಳು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಡುವೆ ಬಿಳುಚಿ, ಅಂಚಿನಲ್ಲಿ ಮಾತ್ರ ತೆಳುವಾಗಿ ಕೆಂಪಿದ್ದ ಉಂಗುರಗಳಂತೆ ಕಾಣುತ್ತಿದ್ದವು. ಹಿಟ್ಟು ಸಾಲದೆ ಬಂದಾಗ ರೊಟ್ಟಿ ಚಿಕ್ಕದೂ ತೆಳ್ಳಗೂ ಆಗುವ ಹಾಗೆ, ಕಬ್ಬಿಣ ಸಾಲದಾದಾಗ ಮೂಳೆಮಜ್ಜೆ ಇಂಥ ಕಣಗಳನ್ನು ಹೊರಗೆ ಕಳುಹಿಸುತ್ತದೆ.

ಇಲ್ಲಿ ಒಂದು ಬಲೆ ಇದೆ. ಹಿಮೋಗ್ಲೋಬಿನ್ ತಯಾರಿಕೆಯ ಆನುವಂಶಿಕ ದೋಷವಾದ ಥಲಸ್ಸೀಮಿಯಾದ ವಾಹಕರಲ್ಲೂ ಕಣ ಹೀಗೆಯೇ ಚಿಕ್ಕದಾಗಿರುತ್ತದೆ. ಅದು ಹುಟ್ಟಿನಿಂದ ಬಂದ ಲಕ್ಷಣ, ಕಬ್ಬಿಣ ನುಂಗಿದರೆ ಹೋಗುವುದಲ್ಲ. ಎರಡನ್ನೂ ಬೇರೆ ಮಾಡಲು ಒಂದು ಕಚ್ಚಾ ಲೆಕ್ಕವಿದೆ, ಇದಕ್ಕೆ ಮೆಂಟ್ಜರ್ ಸೂಚ್ಯಂಕ ಎಂದು ಹೆಸರು. ಎಂಸಿವಿಯನ್ನು ದಶಲಕ್ಷದಲ್ಲಿ ಬರೆದ ಕೆಂಪು ಕಣಗಳ ಎಣಿಕೆಯಿಂದ ಭಾಗಿಸಿ:

66.7 ÷ 3.9 = 17.1

ಉತ್ತರ 13ಕ್ಕಿಂತ ಹೆಚ್ಚು ಬಂದರೆ ಕಬ್ಬಿಣದ ಕೊರತೆಯ ಕಡೆಗೆ ವಾಲುತ್ತದೆ, ಕಡಿಮೆ ಬಂದರೆ ಥಲಸ್ಸೀಮಿಯಾ ವಾಹಕತೆಯ ಕಡೆಗೆ. ಕಾರಣ ಸರಳ. ವಾಹಕರ ಮಜ್ಜೆ ಚಿಕ್ಕ ಕಣಗಳನ್ನೇ ಆದರೂ ಧಾರಾಳವಾಗಿ ತಯಾರಿಸುತ್ತದೆ. ಕಬ್ಬಿಣವಿಲ್ಲದ ಮಜ್ಜೆಗೆ ಕಣ ಚಿಕ್ಕದು, ಎಣಿಕೆಯೂ ಕಡಿಮೆ. ಈ ಲೆಕ್ಕ ತಪ್ಪುವುದೂ ಇದೆ, ಒಬ್ಬರಲ್ಲೇ ಎರಡೂ ಇದ್ದಾಗಲಂತೂ ಇದನ್ನು ನಂಬುವಂತಿಲ್ಲ. ಫೆರಿಟಿನ್ ಪರೀಕ್ಷೆ ದೇಹದ ಕಬ್ಬಿಣದ ದಾಸ್ತಾನನ್ನು ನೇರವಾಗಿ ತೋರಿಸುತ್ತದೆ. 15ಕ್ಕಿಂತ ಕಡಿಮೆಯಿದ್ದರೆ ಉಗ್ರಾಣ ಬರಿದಾಗಿದೆ ಎಂದರ್ಥ. ಆದರೆ ಜ್ವರ, ಸೋಂಕು ಇರುವಾಗ ಫೆರಿಟಿನ್ ತಾನಾಗಿಯೇ ಏರುತ್ತದೆ, ಆದ್ದರಿಂದ ಆಗ ಸಾಮಾನ್ಯ ಅಂಕಿ ಬಂದರೂ ಕೊರತೆ ಇಲ್ಲ ಎನ್ನಲಾಗದು.

ಆರ್‌ಡಿಡಬ್ಲ್ಯು ಎಂಬುದು ಕಣಗಳ ಗಾತ್ರದಲ್ಲಿರುವ ಏರುಪೇರು. ಸುಮಾರು 14.5ರೊಳಗೆ ಇರಬೇಕಾದದ್ದು ಇಲ್ಲಿ 19.5 ಇದೆ. ಕೊರತೆ ಬರುವ ಮೊದಲು ಹುಟ್ಟಿದ ಕಣಗಳೂ ಬಂದ ಮೇಲೆ ಹುಟ್ಟಿದವೂ ಒಟ್ಟಿಗೆ ಓಡಾಡುತ್ತಿವೆ. ಇದೂ ಕಬ್ಬಿಣದ ಕೊರತೆಗೇ ಹೊಂದುತ್ತದೆ. ಪ್ಲೇಟ್‌ಲೆಟ್ 4.8 ಲಕ್ಷಕ್ಕೆ ಏರಿದ್ದೂ ಹಾಗೆಯೇ. ಕಬ್ಬಿಣ ಕಡಿಮೆಯಾದಾಗ ಪ್ಲೇಟ್‌ಲೆಟ್ ತುಸು ಹೆಚ್ಚುವುದು ಸಾಮಾನ್ಯ, ಅದನ್ನು ಬೇರೆ ಕಾಯಿಲೆ ಎಂದು ಹಿಂಬಾಲಿಸಿ ದುಡ್ಡು ಕಳೆಯಬೇಕಿಲ್ಲ.

ಹೆಜ್ಜೆ 4: ಬಿಳಿ ಕಣದಲ್ಲಿ ಶೇಕಡಾ ನೋಡಬೇಡಿ, ಗುಣಿಸಿ

ಎರಡು ಸಲ ಆಂಟಿಬಯೋಟಿಕ್ ಬರೆಸಿದ ತಪ್ಪು ಆದದ್ದು ಇಲ್ಲಿ. ಬಿಳಿ ಕಣಗಳ ಒಟ್ಟು ಎಣಿಕೆ ಸಾಮಾನ್ಯವಾಗಿ 4,000ದಿಂದ 11,000. ನಮ್ಮದು 13,200. ಹೆಚ್ಚಾಗಿದೆ, ನಿಜ. ಆದರೆ ಬಿಳಿ ಕಣ ಎಂಬುದು ಒಂದೇ ಜಾತಿಯಲ್ಲ. ಸಂತೆಯಲ್ಲಿ ಜನ ಜಾಸ್ತಿ ಇದ್ದಾರೆ ಎಂದರೆ ಕೊಳ್ಳುವವರೋ ಮಾರುವವರೋ ಎಂದು ತಿಳಿಯುವುದಿಲ್ಲ. ಯಾರು ಹೆಚ್ಚಾಗಿದ್ದಾರೆ ಎಂದು ಕೇಳಬೇಕು. ಅದಕ್ಕೆ ಒಟ್ಟು ಎಣಿಕೆಯನ್ನು ಪ್ರತಿ ಬಗೆಯ ಶೇಕಡಾವಾರಿನಿಂದ ಗುಣಿಸಬೇಕು.

ನ್ಯೂಟ್ರೋಫಿಲ್: 13,200 × 52 ÷ 100 = 6,864
ಲಿಂಫೋಸೈಟ್: 13,200 × 24 ÷ 100 = 3,168
ಇಯೋಸಿನೋಫಿಲ್: 13,200 × 20 ÷ 100 = 2,640

ಬ್ಯಾಕ್ಟೀರಿಯಾ ಸೋಂಕಿನಲ್ಲಿ ಮುಖ್ಯವಾಗಿ ಏರುವುದು ನ್ಯೂಟ್ರೋಫಿಲ್. ಅದರ ಮೇಲಿನ ಮಿತಿ ಸುಮಾರು 7,500. ಇಲ್ಲಿ 6,864, ಮಿತಿಯೊಳಗೇ ಇದೆ. ಲಿಂಫೋಸೈಟ್ ಕೂಡ ಮಿತಿಯೊಳಗೆ. ಇಯೋಸಿನೋಫಿಲ್ ಮಾತ್ರ 500ರ ಒಳಗೆ ಇರಬೇಕಾದದ್ದು 2,640 ಆಗಿದೆ. ಹೆಚ್ಚಳದ ಬಹುಪಾಲು ಇದೊಂದೇ ಬಗೆಯದು. ಅಂದರೆ ಆ ವರದಿಯಲ್ಲಿ ಆಂಟಿಬಯೋಟಿಕ್‌ಗೆ ಕಾರಣವೇ ಇರಲಿಲ್ಲ.

ನ್ಯೂಟ್ರೋಫಿಲ್ ನಿಜವಾಗಿಯೂ ಏರಿದಾಗ ಕೂಡ ಸೋಂಕು ಎಂದು ತೀರ್ಮಾನಿಸುವ ಮೊದಲು ಕೆಲವು ಪ್ರಶ್ನೆ ಕೇಳಿಕೊಳ್ಳಬೇಕು. ಗರ್ಭಿಣಿಯೇ? ಈಚೆಗೆ ಹೆರಿಗೆ, ಶಸ್ತ್ರಚಿಕಿತ್ಸೆ ಆಗಿದೆಯೇ? ಬೀಡಿ, ಸಿಗರೇಟು ಸೇದುವವರೇ? ಕೆಮ್ಮಿಗೋ ತುರಿಕೆಗೋ ಸ್ಟೀರಾಯ್ಡ್ ಚುಚ್ಚುಮದ್ದು ಹಾಕಿಸಿಕೊಂಡಿದ್ದಾರೆಯೇ? ಸ್ಟೀರಾಯ್ಡ್ ನ್ಯೂಟ್ರೋಫಿಲ್ ಅನ್ನು ಏರಿಸುತ್ತದೆ, ಇಯೋಸಿನೋಫಿಲ್ ಅನ್ನು ಇಳಿಸುತ್ತದೆ. ಹೀಗೆ ಒಂದು ಚುಚ್ಚುಮದ್ದು ಸುಳ್ಳು ಸೋಂಕನ್ನು ತೋರಿಸಿ ನಿಜವಾದ ಸುಳಿವನ್ನು ಅಳಿಸಿಬಿಡಬಲ್ಲದು.

ಇದರ ಇನ್ನೊಂದು ಬದಿಯೂ ಮಲೆನಾಡಿನವರಿಗೆ ತಿಳಿದಿರಬೇಕು. ಜೋರು ಜ್ವರವಿದ್ದೂ ಬಿಳಿ ಕಣ ಕಡಿಮೆಯಾಗಿ, ಪ್ಲೇಟ್‌ಲೆಟ್ ಕೂಡ ಇಳಿದಿದ್ದರೆ ಅದು ಡೆಂಗಿ ಅಥವಾ ಮಂಗನ ಕಾಯಿಲೆಯ ಚಿತ್ರಕ್ಕೆ ಹೊಂದುತ್ತದೆ. ಬಿಳಿ ಕಣ ಏರಿಲ್ಲವಾದ್ದರಿಂದ ಗಂಭೀರವಲ್ಲ ಎಂದು ಮನೆಯಲ್ಲಿ ಕೂರುವಂತಿಲ್ಲ.

ಹೆಜ್ಜೆ 5: ಎರಡು ಸಾಲುಗಳನ್ನು ಒಂದು ಮಾಡಿ

ಈಗ ನಮ್ಮ ಕೈಯಲ್ಲಿರುವುದು ಕಬ್ಬಿಣದ ಕೊರತೆ ಮತ್ತು ಇಯೋಸಿನೋಫಿಲ್ ಹೆಚ್ಚಳ. ಇವೆರಡನ್ನೂ ಒಟ್ಟಿಗೆ ತರಬಲ್ಲ ಕಾರಣ ಯಾವುದು? ಕಾಫಿ ತೋಟದ ನಾಡಿನಲ್ಲಿ ಮೊದಲು ನೆನಪಿಗೆ ಬರಬೇಕಾದದ್ದು ಕೊಕ್ಕೆಹುಳು.

ಈ ಹುಳುವಿನ ಮರಿ ಬಾಯಿಯಿಂದ ಹೋಗುವುದು ಕಡಿಮೆ. ಬಯಲಿನಲ್ಲಿ ಬಿದ್ದ ಮಲದಲ್ಲಿರುವ ಮೊಟ್ಟೆ ನೆರಳಿನ, ತೇವದ, ಬೆಚ್ಚಗಿನ ಮಣ್ಣಿನಲ್ಲಿ ಒಡೆದು ಮರಿಯಾಗುತ್ತದೆ. ಬರಿಗಾಲಿನ ಚರ್ಮವನ್ನು ಕೊರೆದು ಒಳಗೆ ಹೋಗುತ್ತದೆ. ರಕ್ತದೊಂದಿಗೆ ಶ್ವಾಸಕೋಶಕ್ಕೆ ಬಂದು, ಗಂಟಲಿಗೆ ಏರಿ, ನುಂಗಿದಾಗ ಕರುಳನ್ನು ಸೇರಿ ಅಲ್ಲಿ ಕಚ್ಚಿ ಕೂರುತ್ತದೆ. ಮರದ ನೆರಳು, ಕೊಳೆತ ಎಲೆ, ತಿಂಗಳುಗಟ್ಟಲೆ ಮಳೆ: ಕಾಫಿಗೆ ಒಗ್ಗುವ ಮಣ್ಣು ಇದಕ್ಕೂ ಒಗ್ಗುತ್ತದೆ. ದೇಹದೊಳಗೆ ಹುಳು ಓಡಾಡುವಾಗ ಅದರ ವಿರುದ್ಧ ಏಳುವ ಕಣಗಳೇ ಇಯೋಸಿನೋಫಿಲ್.

ರಕ್ತ ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕೋಣ. ನೆಕೇಟರ್ ಜಾತಿಯ ಒಂದು ಕೊಕ್ಕೆಹುಳು ದಿನಕ್ಕೆ ಸುಮಾರು 0.03 ಮಿಲಿಲೀಟರ್ ರಕ್ತ ಕಳೆಯುತ್ತದೆ. ಏನೂ ಅಲ್ಲ ಎನಿಸುತ್ತದೆ. ನೂರು ಹುಳುಗಳಿದ್ದರೆ ದಿನಕ್ಕೆ 3 ಮಿಲಿಲೀಟರ್, ತಿಂಗಳಿಗೆ 90. ಒಂದು ಮುಟ್ಟಿನಲ್ಲಿ 80 ಮಿಲಿಲೀಟರ್‌ಗಿಂತ ಹೆಚ್ಚು ಹೋದರೆ ಅದನ್ನು ಅತಿಸ್ರಾವ ಎನ್ನುತ್ತಾರೆ. ಅಂದರೆ ಈ ಹೆಂಗಸಿಗೆ ತಿಂಗಳ ಮುಟ್ಟಿನ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಅತಿಸ್ರಾವ ನಡೆಯುತ್ತಿದ್ದಂತೆ. ಆಂಕೈಲೋಸ್ಟೋಮಾ ಎಂಬ ಇನ್ನೊಂದು ಜಾತಿ ಇದರ ಹಲವು ಪಟ್ಟು ರಕ್ತ ಹೀರುತ್ತದೆ. ಟಾನಿಕ್ ಕುಡಿದರೂ ಹಿಮೋಗ್ಲೋಬಿನ್ ಏರದಿದ್ದುದರಲ್ಲಿ ಆಶ್ಚರ್ಯವಿಲ್ಲ, ತೂತು ಬಿದ್ದ ಕೊಡಕ್ಕೆ ನೀರು ತುಂಬಿದ ಹಾಗೆ.

ಕೇಳಿದಾಗ ಉಳಿದದ್ದೂ ಹೊರಬಂತು. ಮಳೆಗಾಲದಲ್ಲಿ ಕಾಲ್ಬೆರಳ ಸಂದಿಯಲ್ಲಿ ತುರಿಕೆ, ಗುಳ್ಳೆ. ಅಡುಗೆಮನೆಯಲ್ಲಿ ನಿಂತಾಗಲೆಲ್ಲ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುವ ಚಟ. ಇದು ಚಟವಲ್ಲ, ಕಬ್ಬಿಣ ಬರಿದಾದವರಲ್ಲಿ ಕಾಣುವ ಲಕ್ಷಣ. ಕೆಲವರಿಗೆ ಮಣ್ಣು, ಕೆಲವರಿಗೆ ಸೀಮೆಸುಣ್ಣ.

ಹೀಗಿದ್ದೂ ಸಿಬಿಸಿ ಕೊಕ್ಕೆಹುಳು ಇದೆ ಎಂದು ಹೇಳುವುದಿಲ್ಲ, ಸಂದೇಹಪಡು ಎನ್ನುತ್ತದೆ ಅಷ್ಟೆ. ಇಯೋಸಿನೋಫಿಲ್ ಅಸ್ತಮಾದಲ್ಲಿ, ಚರ್ಮದ ಅಲರ್ಜಿಯಲ್ಲಿ, ಕೆಲವು ಔಷಧಗಳ ಪ್ರತಿಕ್ರಿಯೆಯಲ್ಲಿ ಏರುತ್ತದೆ. ರಾತ್ರಿ ಹೊತ್ತು ಕೆಮ್ಮು, ಉಬ್ಬಸದ ಜೊತೆ 3,000ಕ್ಕೂ ಮೇಲೆ ಹೋದರೆ ಆನೆಕಾಲು ಹುಳುವಿಗೆ ಸಂಬಂಧಿಸಿದ ಶ್ವಾಸಕೋಶದ ತೊಂದರೆಯನ್ನೂ ವೈದ್ಯರು ಯೋಚಿಸುತ್ತಾರೆ.

ಹೆಜ್ಜೆ 6: ಸಂದೇಹವನ್ನು ಪರೀಕ್ಷೆಗೆ ಒಡ್ಡಿ

ಮುಂದಿನದು ಮಲ ಪರೀಕ್ಷೆ. ಹುಳು ಪ್ರತಿದಿನ ಒಂದೇ ಸಮನಾಗಿ ಮೊಟ್ಟೆ ಬಿಡುವುದಿಲ್ಲವಾದ್ದರಿಂದ ಬೇರೆ ಬೇರೆ ದಿನಗಳ ಮೂರು ಮಾದರಿ ಕೊಟ್ಟರೆ ಸಿಗುವ ಸಾಧ್ಯತೆ ಹೆಚ್ಚು. ಬೆಳಿಗ್ಗೆ ತೆಗೆದು ಸಂಜೆ ಬಸ್ಸಿನಲ್ಲಿ ಕಳುಹಿಸಿದ ಡಬ್ಬಿಯಿಂದ ಪ್ರಯೋಜನವಿಲ್ಲ, ಕೊಕ್ಕೆಹುಳುವಿನ ಮೊಟ್ಟೆ ಅಷ್ಟರಲ್ಲಿ ಕೆಡಬಹುದು ಅಥವಾ ಒಡೆಯಬಹುದು. ಈ ಹೆಂಗಸಿನ ಮೊದಲ ದಿನದ ಮಾದರಿಯಲ್ಲಿ ಏನೂ ಕಾಣಲಿಲ್ಲ. ಎರಡನೆಯ ದಿನ ತೆಳು ಸಿಪ್ಪೆಯ ಅಂಡಾಕಾರದ ಮೊಟ್ಟೆಗಳು ಸಿಕ್ಕವು.

ವೈದ್ಯರು ಅಲ್ಬೆಂಡಜೋಲ್ ಮತ್ತು ಕಬ್ಬಿಣದ ಮಾತ್ರೆ ಎರಡನ್ನೂ ಬರೆದರು. ಒಂದೇ ಕೊಟ್ಟರೆ ಅರ್ಧ ಕೆಲಸ. ಗರ್ಭದ ಮೊದಲ ಮೂರು ತಿಂಗಳಲ್ಲಿ ಅಲ್ಬೆಂಡಜೋಲ್ ಕೊಡುವುದಿಲ್ಲ, ಹಾಗಾಗಿ ಅಂಗಡಿಯಿಂದ ತಾನೇ ಕೊಂಡು ನುಂಗುವ ಮಾತ್ರೆ ಇದಲ್ಲ. ಕಬ್ಬಿಣದ ಮಾತ್ರೆಯ ಜೊತೆ ಕಾಫಿ, ಟೀ ಬೇಡ. ಅದರಲ್ಲಿರುವ ಅಂಶಗಳು ಕಬ್ಬಿಣವನ್ನು ಹಿಡಿದಿಟ್ಟು ಕರುಳು ಹೀರದಂತೆ ಮಾಡುತ್ತವೆ. ಮಾತ್ರೆಗೂ ಲೋಟಕ್ಕೂ ನಡುವೆ ಒಂದೆರಡು ಗಂಟೆ ಅಂತರವಿರಲಿ. ಕಾಫಿ ನಾಡಿನಲ್ಲಿ ಈ ಮಾತು ಹೇಳುವುದು ಎಷ್ಟು ಕಷ್ಟ ಎಂಬುದು ಹೇಳುವವರಿಗೇ ಗೊತ್ತು. ಮಲ ಕಪ್ಪಗಾಗುತ್ತದೆ, ಅದು ಮಾತ್ರೆಯ ಬಣ್ಣ. ಮಾತ್ರೆ ಶುರು ಮಾಡುವ ಮೊದಲೇ ಟಾರಿನಂತೆ ಕಪ್ಪಗೆ ಹೋಗುತ್ತಿದ್ದರೆ ಮಾತ್ರ ಅದು ಹೊಟ್ಟೆಯೊಳಗಿನ ರಕ್ತಸ್ರಾವವಿರಬಹುದು.

ಕಾಯಬಾರದ ವರದಿಗಳು

ಕೊಕ್ಕೆಹುಳುವಿನ ಕಥೆ ಎಲ್ಲ ವರದಿಗೂ ಹೊಂದುವುದಿಲ್ಲ. ಐವತ್ತು ದಾಟಿದ ಗಂಡಸಿನಲ್ಲಿ ಅಥವಾ ಮುಟ್ಟು ನಿಂತ ಹೆಂಗಸಿನಲ್ಲಿ ಕಬ್ಬಿಣದ ಕೊರತೆ ಕಂಡರೆ, ಜಠರ ಮತ್ತು ಕರುಳಿನಲ್ಲಿ ಹುಣ್ಣು, ಗಡ್ಡೆ ಇದೆಯೇ ಎಂದು ನೋಡಿಸಲೇಬೇಕು. ಹುಳು ಸಿಕ್ಕಿತೆಂದು ಹುಡುಕಾಟ ನಿಲ್ಲಿಸಬಾರದು.

ಹಿಮೋಗ್ಲೋಬಿನ್ ಕಡಿಮೆ, ಬಿಳಿ ಕಣ ಬಹಳ ಹೆಚ್ಚು, ಪ್ಲೇಟ್‌ಲೆಟ್ ಕೂಡ ಕಡಿಮೆ ಇದ್ದು, ವರದಿಯ ಕೆಳಗೆ ಬ್ಲಾಸ್ಟ್ ಅಥವಾ ಅಪಕ್ವ ಕಣ ಎಂದು ಬರೆದಿದ್ದರೆ ಅದು ರಕ್ತದ ಕ್ಯಾನ್ಸರ್‌ನ ಸಂದೇಹ. ಅದೇ ದಿನ ಹಾಸನದ ಜಿಲ್ಲಾ ಆಸ್ಪತ್ರೆಯಂಥ ದೊಡ್ಡ ಕಡೆಗೆ ಹೊರಡಬೇಕು. ಕೂತಲ್ಲೇ ಏದುಸಿರು, ಎದೆನೋವು, ಕಣ್ಣು ಕತ್ತಲೆ ಬಂದು ಬೀಳುವುದು ಇದ್ದರೆ ಹಿಮೋಗ್ಲೋಬಿನ್ ಎಷ್ಟೇ ಇರಲಿ, ಹಾಗೆಯೇ ಮಾಡಬೇಕು.

ಯಂತ್ರವೂ ತಪ್ಪು ಮಾಡುತ್ತದೆ. ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿದರೆ ಯಂತ್ರ ಆ ಗುಂಪನ್ನು ಬಿಳಿ ಕಣವೆಂದು ಎಣಿಸಬಹುದು, ಪ್ಲೇಟ್‌ಲೆಟ್ ಸುಳ್ಳೇ ಕಡಿಮೆ ಬರಬಹುದು. ರೋಗಿ ಆರಾಮಾಗಿದ್ದೂ ಅಂಕಿ ವಿಪರೀತವಾಗಿದ್ದರೆ ಸ್ಲೈಡ್ ಮಾಡಿ ಕಣ್ಣಿನಿಂದ ನೋಡಲು ಕೇಳಿ. ಇದನ್ನು ಪೆರಿಫೆರಲ್ ಸ್ಮಿಯರ್ ಎನ್ನುತ್ತಾರೆ.

ಹೆಜ್ಜೆ 7: ಎರಡನೆಯ ವರದಿಯನ್ನು ಮೊದಲನೆಯದರ ಪಕ್ಕದಲ್ಲಿಟ್ಟು ಓದಿ

ಕಬ್ಬಿಣ ಸರಿಯಾಗಿ ಒಳಗೆ ಹೋಗುತ್ತಿದ್ದರೆ ಮೂರು ನಾಲ್ಕು ವಾರಗಳಲ್ಲಿ ಹಿಮೋಗ್ಲೋಬಿನ್ ಸುಮಾರು 1ರಿಂದ 2 ಗ್ರಾಂ ಏರಬೇಕು. ಏರದಿದ್ದರೆ ಒಂದೋ ಮಾತ್ರೆ ನುಂಗುತ್ತಿಲ್ಲ, ಅಥವಾ ರಕ್ತ ಇನ್ನೂ ಸೋರುತ್ತಿದೆ, ಇಲ್ಲವೇ ಮೊದಲ ಊಹೆಯೇ ತಪ್ಪು.

ನಾಲ್ಕು ವಾರದ ನಂತರ ಅವರ ಹಿಮೋಗ್ಲೋಬಿನ್ 9.7ಕ್ಕೆ ಬಂದಿತ್ತು. ಆರ್‌ಡಿಡಬ್ಲ್ಯು ಮಾತ್ರ 19.5ರಿಂದ 24ಕ್ಕೆ ಏರಿತ್ತು. "ಒಂದು ಸರಿಹೋದರೆ ಇನ್ನೊಂದು ಕೆಟ್ಟಿತಲ್ಲಾ ಅಣ್ಣಾ" ಎಂದರು. ಕೆಟ್ಟಿರಲಿಲ್ಲ. ಹಳೆಯ ಚಿಕ್ಕ ಕಣಗಳ ನಡುವೆ ಸರಿಯಾದ ಗಾತ್ರದ ಹೊಸ ಕಣಗಳು ಬಂದು ಸೇರಿದಾಗ ಗಾತ್ರದ ಏರುಪೇರು ಹೆಚ್ಚಲೇಬೇಕು. ಚಿಕಿತ್ಸೆಯ ಮೊದಲ ತಿಂಗಳಲ್ಲಿ ಈ ಏರಿಕೆ ಒಳ್ಳೆಯ ಸುದ್ದಿ.

ನಾಲ್ಕನೆಯ ತಿಂಗಳು ಹಿಮೋಗ್ಲೋಬಿನ್ 12.2, ಎಂಸಿವಿ 83, ಒಟ್ಟು ಬಿಳಿ ಕಣ 8,400, ಅದರಲ್ಲಿ ಇಯೋಸಿನೋಫಿಲ್ ಶೇ 5, ಅಂದರೆ 420. ಅಂಕಿ ಸರಿಯಾಯಿತೆಂದು ಮಾತ್ರೆ ನಿಲ್ಲಿಸಲು ಹೊರಟಿದ್ದರು. ಖಾಲಿಯಾದ ಉಗ್ರಾಣ ತುಂಬಲು ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕು ಎಂದು ವೈದ್ಯರು ಹೇಳಿ ಕಳುಹಿಸಿದರು. ಹೋಗುವ ಮುನ್ನ ಅವರು ಇನ್ನೆರಡು ಮಾದರಿ ಡಬ್ಬಿ ಕೇಳಿದರು. ಮಕ್ಕಳಿಬ್ಬರೂ ಲೈನ್ ಮನೆಯ ಹಿಂದೆ ಬರಿಗಾಲಿನಲ್ಲೇ ಆಡುತ್ತಾರಂತೆ.